ಕೈಯಲ್ಲಿ ಒಂದು ತಳಿ ಇದೆ, ಯಾವ ವರ್ಗದಲ್ಲಿ ನೋಂದಾಯಿಸೋದು? ಹೊಸ ತಳಿ, ಚಾಲ್ತಿ ತಳಿ, ರೈತರ ತಳಿ: ಒಂದು ಹೋಲಿಕೆ

ತಳಿ ಅಭಿವೃದ್ಧಿ ಓದುವವರೂ ಕೇಳುತ್ತಾರೆ, ಕಾನೂನು ಓದುವವರೂ ಕೇಳುತ್ತಾರೆ: "ಸರ್, ಈ ತಳಿಗೆ ರಕ್ಷಣೆ ಬೇಕು, ಯಾವುದರಲ್ಲಿ ಅರ್ಜಿ ಹಾಕೋಣ?" ಇಬ್ಬರೂ ಎಡವುವ ಜಾಗ ಮಾತ್ರ ಬೇರೆ. ತಳಿ ಓದುವವರಿಗೆ ಗದ್ದೆ ಗೊತ್ತು, ಆದರೆ ಮೊದಲ ಮಾರಾಟದ ತಾರೀಕು ಯಾಕೆ ಅಷ್ಟು ಮುಖ್ಯ ಅನ್ನೋದು ಗೊತ್ತಿರಲ್ಲ. ಕಾನೂನು ಓದುವವರಿಗೆ ಸೆಕ್ಷನ್ ಬಾಯಿಪಾಠ, ಆದರೆ ನೂರು ಗಿಡದಲ್ಲಿ ನಾಲ್ಕು ಬೆರಕೆ ಬಂದರೆ ಏನಾಗುತ್ತೆ ಅಂದರೆ ಸುಮ್ಮನಾಗುತ್ತಾರೆ. ಅದಕ್ಕೇ ಎರಡನ್ನೂ ಒಟ್ಟಿಗೆ ಇಟ್ಟು ಬರೆಯುತ್ತಿದ್ದೇನೆ.

ನಮ್ಮ ದೇಶದ ಕಾಯ್ದೆಯ ಹೆಸರು ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ, 2001. ಪೇಟೆಂಟ್ ದಾರಿ ಇಲ್ಲಿ ಮುಚ್ಚಿದೆ. ಬೀಜ, ತಳಿ, ಸಸ್ಯ ಯಾವುದಕ್ಕೂ ಪೇಟೆಂಟ್ ಇಲ್ಲ ಎಂದು ಪೇಟೆಂಟ್ ಕಾಯ್ದೆಯ ಸೆಕ್ಷನ್ 3(ಜೆ) ಹೇಳುತ್ತದೆ. ಹಾಗಾಗಿ ತಳಿಗೆ ಹಕ್ಕು ಬೇಕಾದರೆ ಈ ಕಾಯ್ದೆಯೇ ಗತಿ. ಇದರಲ್ಲಿ ನಿಮ್ಮ ಮುಂದೆ ನಾಲ್ಕು ದಾರಿ ಇವೆ: ಹೊಸ ತಳಿ, ಚಾಲ್ತಿ ತಳಿ (ಪುಸ್ತಕದಲ್ಲಿ ಎಕ್ಸ್‌ಟಂಟ್ ವೆರೈಟಿ ಅಂತ ಇರೋದು), ರೈತರ ತಳಿ, ಮತ್ತೆ ನೋಂದಣಿಯನ್ನೇ ಮಾಡದಿರುವುದು. ನಾಲ್ಕನೆಯದನ್ನೂ ನಾನು ಒಂದು ಆಯ್ಕೆ ಅಂತಲೇ ಎಣಿಸುತ್ತೇನೆ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಮೊದಲು ಈ ನಾಲ್ಕು ಪ್ರಶ್ನೆ ಕೇಳಿಕೊಳ್ಳಿ

ಒಂದನೆಯದು, ಈ ತಳಿ ಎಲ್ಲಿಂದ ಬಂತು, ಮಾಡಿದವರು ಯಾರು? ಸಂಶೋಧನಾ ಕೇಂದ್ರದಲ್ಲಿ ಕ್ರಾಸ್ ಮಾಡಿದ್ದಾ, ಹೊಲದಲ್ಲಿ ಆರಿಸಿ ಆರಿಸಿ ಬಂದಿದ್ದಾ, ಇಡೀ ಊರೇ ತಲೆಮಾರುಗಳಿಂದ ಬೆಳೆದುಕೊಂಡು ಬಂದಿದ್ದಾ?

ಎರಡನೆಯದು, ಬೀಜ ಮೊದಲ ಸಲ ಕೈ ಬದಲಾಯಿಸಿದ್ದು ಯಾವಾಗ? ಇದೊಂದೇ ಪ್ರಶ್ನೆ ಅರ್ಧ ತೀರ್ಮಾನ ಮಾಡಿಬಿಡುತ್ತದೆ. ಜನ ಇದನ್ನು ಕೊನೆಗೆ ಕೇಳುತ್ತಾರೆ. ಮೊದಲೇ ಕೇಳಬೇಕು.

ಮೂರನೆಯದು, ಗದ್ದೆಯಲ್ಲಿ ಗಿಡಗಳು ಎಷ್ಟು ಒಂದೇ ಥರ ಇವೆ? ನಾಲ್ಕನೆಯದು, ನಿಮಗೆ ನಿಜವಾಗಿ ಬೇಕಾಗಿರುವುದು ಏನು: ಬೇರೆಯವರು ಮಾರದಂತೆ ತಡೆಯುವ ಹಕ್ಕಾ, ಹೆಸರಾ, ಮುಂದೆ ಯಾರಾದರೂ ಈ ತಳಿ ಬಳಸಿ ದುಡ್ಡು ಮಾಡಿದರೆ ಅದರಲ್ಲಿ ಪಾಲಾ, ಅಥವಾ ನಿಮ್ಮ ಬೀಜ ನೀವೇ ಇಟ್ಟುಕೊಂಡು ಬಿತ್ತುವ ಸ್ವಾತಂತ್ರ್ಯ ಅಷ್ಟೇನಾ?

ಖರ್ಚಿನ ಪ್ರಶ್ನೆ ಇದರ ಜೊತೆಗೇ ಬರುತ್ತೆ. ಆದರೆ ಅದು ವರ್ಗಕ್ಕಿಂತ ಜಾಸ್ತಿ ಅರ್ಜಿದಾರರ ಮೇಲೆ ನಿಂತಿದೆ. ಸೆಕ್ಷನ್ 44 ಪ್ರಕಾರ ರೈತರು, ರೈತರ ಗುಂಪು ಅಥವಾ ಹಳ್ಳಿಯ ಸಮುದಾಯ ಈ ಕಾಯ್ದೆಯ ಕೆಳಗೆ ತಳಿ ನೋಂದಣಿ ನೋಡಿಕೊಳ್ಳುವ ಪ್ರಾಧಿಕಾರದ ಮುಂದೆಯಾಗಲಿ ಹೈಕೋರ್ಟಿನ ಮುಂದೆಯಾಗಲಿ ಶುಲ್ಕ ಕಟ್ಟಬೇಕಿಲ್ಲ. ಬೇರೆಯವರಿಗೆ ಅರ್ಜಿ ಶುಲ್ಕ, ಪರೀಕ್ಷೆಯ ಶುಲ್ಕ, ಆಮೇಲೆ ವರ್ಷ ವರ್ಷ ಕಟ್ಟುವ ಶುಲ್ಕ, ಎಲ್ಲವೂ ಇವೆ.

ನೋಂದಣಿ ಮಾಡದೇ ಇದ್ದರೆ ಏನು ಕಳೆದುಕೊಳ್ಳುತ್ತೀರಿ?

ಇದನ್ನು ಮೊದಲು ಹೇಳಲು ಕಾರಣ ಇದೆ. ತುಂಬಾ ರೈತರು, ಅವರಿಗೆ ಸಲಹೆ ಕೊಡುವ ವಿದ್ಯಾರ್ಥಿಗಳು ಕೂಡ, "ನೋಂದಣಿ ಮಾಡಿಸದಿದ್ದರೆ ನಾಳೆ ಕಂಪನಿ ಬಂದು ಬೀಜ ಇಡಬೇಡ ಅಂದರೆ?" ಅನ್ನುವ ಭಯದಿಂದಲೇ ಅರ್ಜಿ ಹಾಕಲು ಓಡುತ್ತಾರೆ. ಆ ಭಯಕ್ಕೆ ಉತ್ತರ ನೋಂದಣಿಯಲ್ಲ. ಉತ್ತರ ಸೆಕ್ಷನ್ 39(1)(iv)ರಲ್ಲಿದೆ. ಬೇರೆಯವರು ನೋಂದಾಯಿಸಿದ ತಳಿಯನ್ನೂ ರೈತ ಬಿತ್ತಬಹುದು, ಬೀಜ ಉಳಿಸಬಹುದು, ಮತ್ತೆ ಬಿತ್ತಬಹುದು, ಕೊಟ್ಟು ತೆಗೆದುಕೊಳ್ಳಬಹುದು, ಮಾರಲೂಬಹುದು. ತಡೆ ಒಂದೇ: ಬ್ರ್ಯಾಂಡ್ ಮಾಡಿದ ಬೀಜವಾಗಿ ಮಾರುವಂತಿಲ್ಲ. ಬ್ರ್ಯಾಂಡ್ ಅಂದರೆ ಏನು ಅಂತಲೂ ಕಾಯ್ದೆಯೇ ಹೇಳಿದೆ: ಚೀಲಕ್ಕೋ ಡಬ್ಬಕ್ಕೋ ತುಂಬಿ, ಇದು ಇಂಥ ರಕ್ಷಿತ ತಳಿಯ ಬೀಜ ಎಂದು ಗೊತ್ತಾಗುವ ಹಾಗೆ ಲೇಬಲ್ ಅಂಟಿಸುವುದು. ಪಕ್ಕದ ಊರಿನವರಿಗೆ ಎರಡು ಮೂಟೆ ಬೀಜ ಅಳೆದು ಕೊಟ್ಟು ದುಡ್ಡು ತೆಗೆದುಕೊಂಡರೆ ತಪ್ಪಿಲ್ಲ. ಅದೇ ಮೂಟೆಗೆ ತಳಿಯ ಹೆಸರು ಹೊಡೆಸಿ ಅಂಗಡಿಯಲ್ಲಿಟ್ಟರೆ ತಪ್ಪು.

ಹೊರದೇಶದ ಚೌಕಟ್ಟಿನ ಜೊತೆ ಹೋಲಿಸಿದರೆ ಇದು ಎಷ್ಟು ದೊಡ್ಡದು ಅಂತ ಕಾನೂನು ವಿದ್ಯಾರ್ಥಿಗಳಿಗೆ ಗೊತ್ತಾಗುತ್ತೆ. ಯುಪೋವ್ ಅನ್ನುವ, ಸಸ್ಯ ತಳಿಗಳ ರಕ್ಷಣೆಯ ಅಂತರರಾಷ್ಟ್ರೀಯ ಒಪ್ಪಂದದ 1991ರ ರೂಪದಲ್ಲಿ, ಬೀಜ ಉಳಿಸಿಕೊಳ್ಳಲು ರೈತರಿಗೆ ಬಿಡಬೇಕೋ ಬೇಡವೋ ಅನ್ನುವುದು ಆಯಾ ದೇಶದ ಇಷ್ಟ. ಬಿಟ್ಟರೂ ತನ್ನ ಜಮೀನಿನಲ್ಲೇ ಮತ್ತೆ ಬಿತ್ತಲು ಮಾತ್ರ. ಬೀಜವಾಗಿ ಮಾರುವುದು ಅದರಲ್ಲಿ ಇಲ್ಲ. ಭಾರತ ಆ ಒಪ್ಪಂದಕ್ಕೆ ಸೇರಿಲ್ಲ.

ತಳಿ ಓದುವವರು ಇಲ್ಲಿ ಒಂದು ವಿಷಯ ಸೇರಿಸಿಕೊಳ್ಳಬೇಕು. ಕಾಗದದ ಮೇಲೆ ಹಕ್ಕು ಎಲ್ಲ ಬೆಳೆಗೂ ಒಂದೇ, ಹೊಲದಲ್ಲಿ ಹಾಗಲ್ಲ. ಭತ್ತ, ರಾಗಿ, ಗೋಧಿ ತಮ್ಮೊಳಗೇ ಪರಾಗಸ್ಪರ್ಶ ಆಗುವ ಬೆಳೆಗಳು, ಉಳಿಸಿದ ಬೀಜ ತಾಯಿ ಗಿಡದ ಹಾಗೇ ಬರುತ್ತೆ, ಹಕ್ಕು ನಿಜವಾಗಿ ಉಪಯೋಗಕ್ಕೆ ಬರುತ್ತೆ. ಹೈಬ್ರಿಡ್ ಮೆಕ್ಕೆಜೋಳದ ಬೀಜ ಉಳಿಸಿ ಬಿತ್ತಿದರೆ ಮುಂದಿನ ಪೀಳಿಗೆಯಲ್ಲಿ ಗುಣಗಳು ಒಡೆದುಹೋಗುತ್ತವೆ. ಅಲ್ಲಿ ರೈತನನ್ನು ತಡೆಯುವುದು ಕಾನೂನಲ್ಲ, ತಳಿಶಾಸ್ತ್ರ. ಇನ್ನು ಆಲೂಗಡ್ಡೆ, ಕಬ್ಬು ಇವೆಲ್ಲ ತುಂಡಿನಿಂದ ಬೆಳೆಯುವವು. ಪ್ರತಿ ತುಂಡೂ ಮೂಲದ ನಕಲೇ. ಹಾಗಾಗಿ ತಳಿಯ ಒಡೆಯರಿಗೆ ಆತಂಕ ಜಾಸ್ತಿ ಇರುವುದು ಇಂಥ ಬೆಳೆಗಳಲ್ಲೇ. ಮುಂದೆ ಬರುವ ಆಲೂಗಡ್ಡೆ ಮೊಕದ್ದಮೆ ಹುಟ್ಟಿದ್ದೂ ಅದರಿಂದಲೇ.

ಹಾಗಾದರೆ ನೋಂದಣಿ ಮಾಡದಿದ್ದರೆ ಏನು ಹೋಗುತ್ತೆ? ಬೇರೆಯವರನ್ನು ತಡೆಯುವ ಹಕ್ಕು ಹೋಗುತ್ತೆ. ನಿಮ್ಮ ತಳಿಯನ್ನು ಇನ್ನೊಬ್ಬರು ಚೀಲಕ್ಕೆ ತುಂಬಿ ಮಾರಿದರೆ ಈ ಕಾಯ್ದೆಯಲ್ಲಿ ಕೇಳಲು ನಿಮಗೆ ಆಧಾರ ಇರುವುದಿಲ್ಲ. ಮತ್ತೆ ದಾಖಲೆ ಹೋಗುತ್ತೆ. ಇದು ನಿಧಾನವಾಗಿ ನೋಯಿಸುವ ನಷ್ಟ, ಯಾಕೆಂದರೆ ಹತ್ತು ವರ್ಷದ ಮೇಲೆ "ಈ ಗುಣ ನಮ್ಮ ಭತ್ತದಿಂದ ಬಂದಿದ್ದು" ಅಂತ ಹೇಳಲು ಏನೂ ಉಳಿದಿರುವುದಿಲ್ಲ. ಹಳೆಯ ತಳಿಗಳನ್ನು ಕಾಪಾಡಿದ್ದಕ್ಕೆ ಮಾನ್ಯತೆ ಬೇಕು ಅಷ್ಟೇ ಅಂದರೆ ಅದಕ್ಕೆ ಪ್ರಾಧಿಕಾರ ಕೊಡುವ ಪ್ಲಾಂಟ್ ಜೀನೋಮ್ ಸೇವಿಯರ್ ಪ್ರಶಸ್ತಿ ಬೇರೆಯೇ ಇದೆ. ಸಮುದಾಯಕ್ಕೆ 10 ಲಕ್ಷ ರೂಪಾಯಿಯ ಪ್ರಶಸ್ತಿಯೂ, ರೈತರಿಗೆ ಬೇರೆ ಬಹುಮಾನಗಳೂ ಇವೆ.

ಹೊಸ ತಳಿ: ಗಡಿಯಾರ ಓಡುತ್ತಿರುತ್ತದೆ

ಹೊಸ ತಳಿಗೆ ನಾಲ್ಕು ಪರೀಕ್ಷೆ: ನವೀನತೆ, ಭಿನ್ನತೆ, ಏಕರೂಪತೆ, ಸ್ಥಿರತೆ. ಕೊನೆಯ ಮೂರನ್ನು ಸೇರಿಸಿ ಡಿಯುಎಸ್ ಅಂತ ಕರೆಯುತ್ತಾರೆ. ಅವು ಗದ್ದೆಯಲ್ಲಿ ನಿರ್ಧಾರವಾಗುತ್ತವೆ. ನವೀನತೆ ಮಾತ್ರ ಪೂರ್ತಿ ತಾರೀಕಿನ ಲೆಕ್ಕ. ಅರ್ಜಿ ಹಾಕುವ ದಿನಕ್ಕೆ ಒಂದು ವರ್ಷಕ್ಕಿಂತ ಮೊದಲು ಭಾರತದಲ್ಲಿ ಆ ತಳಿಯ ಬೀಜವಾಗಲಿ ಫಸಲಾಗಲಿ ತಳಿ ಮಾಡಿದವರ ಒಪ್ಪಿಗೆಯಿಂದ ಮಾರಾಟವಾಗಿರಬಾರದು. ಹೊರದೇಶದಲ್ಲಾದರೆ ನಾಲ್ಕು ವರ್ಷ, ಮರ ಮತ್ತು ಬಳ್ಳಿಗಳಿಗೆ ಆರು ವರ್ಷ. ಪ್ರಯೋಗಕ್ಕಾಗಿ ಹಲವು ಕಡೆ ಬೆಳೆದು ನೋಡಿದರೆ ತೊಂದರೆ ಇಲ್ಲ. ಮಾರಿದರೆ ಮಾತ್ರ ತೊಂದರೆ.

ಹಾಗಾಗಿ ಇಲ್ಲಿ ಸೋಲುವವರು ಸಾಮಾನ್ಯವಾಗಿ ಗದ್ದೆಯಲ್ಲಿ ಸೋಲುವುದಿಲ್ಲ, ರಸೀದಿ ಪುಸ್ತಕದಲ್ಲಿ ಸೋಲುತ್ತಾರೆ. ಕೃಷಿ ಮೇಳದಲ್ಲಿ ಉತ್ಸಾಹದಿಂದ ಐದೈದು ಕಿಲೋ ಚೀಲ ಮಾರಿರುತ್ತಾರೆ, ಎರಡು ವರ್ಷ ಆದ ಮೇಲೆ ಅರ್ಜಿ ಬರೆಯಲು ಕೂರುತ್ತಾರೆ. ಅಷ್ಟೊತ್ತಿಗೆ ಬಾಗಿಲು ಮುಚ್ಚಿರುತ್ತದೆ.

ಪರೀಕ್ಷೆಗೂ ಸಮಯ ಹಿಡಿಯುತ್ತೆ. ಸಾಮಾನ್ಯವಾಗಿ ಎರಡು ಹಂಗಾಮು, ಕನಿಷ್ಠ ಎರಡು ಜಾಗ. ಅರ್ಜಿಯ ಜೊತೆ ಪೋಷಕ ತಳಿಗಳ ಪೂರ್ತಿ ವಿವರ, ಅವು ದೇಶದ ಯಾವ ಭಾಗದಿಂದ ಬಂದವು, ಅದರಲ್ಲಿ ಯಾವ ರೈತರ ಅಥವಾ ಹಳ್ಳಿಯ ಪಾಲಿದೆ ಅನ್ನುವ ಮಾಹಿತಿ, ಉಳಿಸಿದ ಬೀಜ ಮೊಳೆಯದಂತೆ ಮಾಡುವ ಟರ್ಮಿನೇಟರ್ ಥರದ ತಂತ್ರಜ್ಞಾನ ಇದರಲ್ಲಿ ಇಲ್ಲ ಎನ್ನುವ ಪ್ರಮಾಣಪತ್ರ, ಎಲ್ಲವೂ ಬೇಕು. ಪೋಷಕ ತಳಿಯ ಮೂಲವನ್ನು ಗೊತ್ತಿದ್ದೂ ಮುಚ್ಚಿಟ್ಟರೆ ಅರ್ಜಿ ತಿರಸ್ಕಾರ ಆಗಬಹುದು.

ಇಷ್ಟೆಲ್ಲ ಮಾಡಿದ್ದಕ್ಕೆ ಸಿಗುವುದು: ಬೆಳೆಗಳಿಗೆ ನೋಂದಣಿಯ ದಿನದಿಂದ 15 ವರ್ಷ, ಮರ ಮತ್ತು ಬಳ್ಳಿಗಳಿಗೆ 18 ವರ್ಷ. ಮೊದಲು ಬೆಳೆಗೆ 6 ವರ್ಷದ, ಮರಕ್ಕೆ 9 ವರ್ಷದ ಪ್ರಮಾಣಪತ್ರ ಕೊಡುತ್ತಾರೆ, ಆಮೇಲೆ ನವೀಕರಣ. ಉತ್ಪಾದನೆ, ಮಾರಾಟ, ಹಂಚಿಕೆ, ಆಮದು, ರಫ್ತು ಎಲ್ಲದರ ಮೇಲೂ ನಿಮ್ಮದೇ ಹಿಡಿತ. ಆದರೆ ಗಮನಿಸಿ, ಈ ಹಿಡಿತವನ್ನು ಕೊಡುವ ಸೆಕ್ಷನ್ 28 ಬೇರೆ ವರ್ಗದ ತಳಿಗಳಿಗೂ ಅದೇ. "ಹೊಸ ತಳಿ ಅಂತ ನೋಂದಾಯಿಸಿದರೆ ಹಕ್ಕು ಗಟ್ಟಿ" ಅನ್ನುವ ಮಾತು ತುಂಬಾ ಕಡೆ ಕೇಳಿದ್ದೇನೆ. ಅದು ಸರಿಯಲ್ಲ. ಬದಲಾಗುವುದು ಒಳಗೆ ಹೋಗುವ ಕಷ್ಟ ಮತ್ತು ಅವಧಿಯ ಲೆಕ್ಕ, ಹಕ್ಕಿನ ಗಟ್ಟಿತನವಲ್ಲ.

ಚಾಲ್ತಿ ತಳಿ: ಎರಡು ಬಗೆ, ಎರಡು ಲೆಕ್ಕ

ಮಾರಾಟ ಶುರುವಾಗಿ ವರ್ಷ ದಾಟಿದೆ ಅಂದರೆ ನವೀನತೆ ಹೋಯಿತು. ಆದರೆ ಕಥೆ ಮುಗಿಯಲಿಲ್ಲ. ಚಾಲ್ತಿ ತಳಿಗೆ ನವೀನತೆ ಕೇಳುವುದಿಲ್ಲ, ಉಳಿದ ಮೂರು ಸಾಕು.

ಇದರಲ್ಲಿ ಒಂದು ಬಗೆ, 1966ರ ಬೀಜ ಕಾಯ್ದೆಯ ಸೆಕ್ಷನ್ 5ರಲ್ಲಿ ಆಗಲೇ ಅಧಿಸೂಚನೆ ಆಗಿರುವ ತಳಿ. ವಿಶ್ವವಿದ್ಯಾಲಯಗಳು ಬಿಡುಗಡೆ ಮಾಡಿದ ಎಷ್ಟೋ ತಳಿಗಳು ಇದರಲ್ಲೇ ಬರುತ್ತವೆ. ಇವನ್ನು ಮತ್ತೆ ಗದ್ದೆಗೆ ಇಳಿಸದೆ, ಇರುವ ದಾಖಲೆಯನ್ನು ಒಂದು ಸಮಿತಿ ನೋಡಿ ಶಿಫಾರಸು ಮಾಡುತ್ತದೆ. ಸಮಯ, ಖರ್ಚು ಎರಡೂ ಕಡಿಮೆ. ಆದರೆ 15 ವರ್ಷದ ಎಣಿಕೆ ಅಧಿಸೂಚನೆಯ ದಿನದಿಂದ. 2014ರಲ್ಲಿ ಅಧಿಸೂಚನೆಯಾದ ತಳಿಯನ್ನು 2021ರಲ್ಲಿ ನೋಂದಾಯಿಸಿದರೆ 2029ಕ್ಕೆ ಮುಗಿಯಿತು. ಕೈಗೆ ಸಿಗುವುದು ಎಂಟೇ ವರ್ಷ. ಹಳೆಯ ತಳಿಗೆ ಶುಲ್ಕ ಕಟ್ಟುವ ಮೊದಲು ಈ ಕಳೆಯುವ ಲೆಕ್ಕ ಮಾಡಿ.

ಇನ್ನೊಂದು ಬಗೆ, ಅಧಿಸೂಚನೆ ಆಗಿಲ್ಲ, ಆದರೆ ಮಾರುಕಟ್ಟೆಯಲ್ಲಿದೆ, ಎಲ್ಲರಿಗೂ ಗೊತ್ತು. ಇದನ್ನು ಸಾಮಾನ್ಯ ತಿಳಿವಳಿಕೆಯ ತಳಿ ಅನ್ನಬಹುದು. ಇದಕ್ಕೆ ಗದ್ದೆಯ ಪರೀಕ್ಷೆ ಇದೆ, ಹೊಸ ತಳಿಗಿಂತ ಕಡಿಮೆ. ಅವಧಿ ನೋಂದಣಿಯ ದಿನದಿಂದ 15 ವರ್ಷ. 2021ರಲ್ಲಿ ನೋಂದಾಯಿಸಿದರೆ 2036ರ ತನಕ.

ಇಲ್ಲಿ ಇನ್ನೊಂದು ಎಚ್ಚರಿಕೆ. ಚಾಲ್ತಿ ತಳಿಗಳಿಗೆ ಅರ್ಜಿ ಹಾಕಲು ನಿಗದಿ ಮಾಡಿದ ಅವಧಿ ಇದೆ. ಆ ಬೆಳೆಯನ್ನು ಕಾಯ್ದೆಯ ಪಟ್ಟಿಗೆ ಯಾವಾಗ ಸೇರಿಸಿದರು ಅನ್ನುವುದರಿಂದ ಅದು ಶುರುವಾಗುತ್ತೆ. ಅರ್ಜಿ ಬರೆಯುವ ಮುಂಚೆ ನಿಮ್ಮ ಬೆಳೆಗೆ ಬಾಗಿಲು ಇನ್ನೂ ತೆರೆದಿದೆಯಾ ಅಂತ ರಿಜಿಸ್ಟ್ರಾರ್ ಕಚೇರಿಯಲ್ಲಿ ಕೇಳಿಕೊಳ್ಳಿ.

ವರ್ಗದ ಆಯ್ಕೆ ತಪ್ಪಿದರೆ ಏನೇನಾಗಬಹುದು ಅನ್ನುವುದಕ್ಕೆ ಪೆಪ್ಸಿಕೋ ಕಂಪನಿಯ ಆಲೂಗಡ್ಡೆ ತಳಿ ಎಫ್‌ಎಲ್ 2027 ಪ್ರಕರಣಕ್ಕಿಂತ ಒಳ್ಳೆಯ ಪಾಠ ಇಲ್ಲ. ಕಂಪನಿ 2012ರಲ್ಲಿ ಇದನ್ನು ಹೊಸ ತಳಿ ಎಂದು ತೋರಿಸಿ ಅರ್ಜಿ ಹಾಕಿತು. ಆದರೆ ಭಾರತದಲ್ಲಿ ಮೊದಲ ಮಾರಾಟ 2009ರಲ್ಲೇ ಆಗಿತ್ತು. ಒಂದು ವರ್ಷದ ಗೆರೆ ದಾಟಿಹೋಗಿತ್ತು. ಕೊನೆಗೆ ಅದು 2016ರ ಫೆಬ್ರವರಿಯಲ್ಲಿ ಚಾಲ್ತಿ ತಳಿಯಾಗಿ ನೋಂದಣಿಯಾಯಿತು. 2019ರಲ್ಲಿ ಕಂಪನಿ ಗುಜರಾತಿನ ಆಲೂಗಡ್ಡೆ ಬೆಳೆಗಾರರ ಮೇಲೆ ಮೊಕದ್ದಮೆ ಹೂಡಿತು. ಕೆಲವರಿಂದ ತಲಾ ಒಂದು ಕೋಟಿ ರೂಪಾಯಿಗೂ ಮೀರಿ ಪರಿಹಾರ ಕೇಳಿತು. ದೇಶದಲ್ಲೆಲ್ಲ ವಿರೋಧ ಬಂದ ಮೇಲೆ ಹಿಂತೆಗೆದುಕೊಂಡಿತು. ಆಮೇಲೆ ರೈತರ ಹಕ್ಕುಗಳ ಪರ ಕೆಲಸ ಮಾಡುವ ಕವಿತಾ ಕುರುಗಂಟಿ ಅವರು ನೋಂದಣಿಯನ್ನೇ ರದ್ದು ಮಾಡಿ ಎಂದು ಪ್ರಾಧಿಕಾರಕ್ಕೆ ಹೋದರು. ಅರ್ಜಿಯಲ್ಲಿ ತಪ್ಪು ಮಾಹಿತಿ ಇದೆ, ದಾಖಲೆ ಸರಿಯಿಲ್ಲ ಎಂಬ ಕಾರಣಗಳೂ ಸೇರಿ 2021ರ ಡಿಸೆಂಬರಿನಲ್ಲಿ ನೋಂದಣಿ ರದ್ದಾಯಿತು. 2023ರ ಜುಲೈನಲ್ಲಿ ದೆಹಲಿ ಹೈಕೋರ್ಟಿನ ಏಕಸದಸ್ಯ ಪೀಠ ಅದನ್ನು ಎತ್ತಿಹಿಡಿಯಿತು. 2024ರ ಜನವರಿಯಲ್ಲಿ ವಿಭಾಗೀಯ ಪೀಠ ಅದನ್ನು ತಿರುಗಿಸಿ ರದ್ದತಿಯನ್ನೇ ತೆಗೆದುಹಾಕಿತು. ಅರ್ಜಿಯ ಕಾಲಂ ತಪ್ಪಿದ್ದರೂ ಆ ತಳಿಗೆ ಚಾಲ್ತಿ ತಳಿಯಾಗಿ ನೋಂದಣಿ ಪಡೆಯುವ ಅರ್ಹತೆ ಹೇಗೂ ಇತ್ತು ಅನ್ನುವ ದಿಕ್ಕಿನಲ್ಲಿ ಆ ತೀರ್ಪು ಹೋಯಿತು.

ಕಾನೂನು ವಿದ್ಯಾರ್ಥಿಗಳು ಇದರಲ್ಲಿ ಎರಡು ಬೇರೆ ಬೇರೆ ಎಳೆ ಬಿಡಿಸಿ ನೋಡಬೇಕು. ನೋಂದಣಿ ಸರಿಯೋ ತಪ್ಪೋ ಎನ್ನುವುದು ಒಂದು. ನೋಂದಣಿ ಸರಿ ಇದ್ದರೂ ರೈತರ ಮೇಲೆ ಮೊಕದ್ದಮೆ ನಿಲ್ಲುತ್ತಾ ಎನ್ನುವುದು ಇನ್ನೊಂದು. ಎರಡನೆಯದಕ್ಕೆ ಉತ್ತರ ಸೆಕ್ಷನ್ 39ರಲ್ಲಿದೆ, ಮೊದಲನೆಯದರಲ್ಲಿ ಯಾರು ಗೆದ್ದರೂ ಅದು ಅಳಿಸಿಹೋಗುವುದಿಲ್ಲ. ಪರೀಕ್ಷೆಯಲ್ಲಿ ತುಂಬಾ ಜನ ಇವೆರಡನ್ನೂ ಕಲಸಿ ಬರೆಯುತ್ತಾರೆ. ಇನ್ನು ತಳಿ ಓದುವವರಿಗೆ ಇರುವ ಪಾಠ ತೀರಾ ಸರಳ. ಮೊದಲ ಮಾರಾಟದ ತಾರೀಕನ್ನು ಸರಿಯಾಗಿ ಬರೆದು ಸರಿಯಾದ ವರ್ಗದಲ್ಲಿ ಅರ್ಜಿ ಹಾಕಿದ್ದರೆ ವರ್ಷಗಟ್ಟಲೆ ನಡೆದ ಈ ಜಗಳದ ಒಂದು ದೊಡ್ಡ ಭಾಗ ಹುಟ್ಟುತ್ತಲೇ ಇರಲಿಲ್ಲ.

ರೈತರ ತಳಿ: ಸುಲಭದ ಬಾಗಿಲು, ಆದರೆ ಯಾರ ಹೆಸರಲ್ಲಿ?

ರೈತರು ತಮ್ಮ ಹೊಲದಲ್ಲಿ ಸಾಂಪ್ರದಾಯಿಕವಾಗಿ ಬೆಳೆದು ರೂಪಿಸಿಕೊಂಡು ಬಂದಿದ್ದು, ಅಥವಾ ರೈತರಿಗೆ ಚೆನ್ನಾಗಿ ಗೊತ್ತಿರುವ ತಳಿಯ ಕಾಡು ಸಂಬಂಧಿ ಅಥವಾ ನಾಟಿ ತಳಿ: ಇವು ರೈತರ ತಳಿ. ಇಲ್ಲಿ ನವೀನತೆ ಬೇಕಿಲ್ಲ. ಶುಲ್ಕ ಇಲ್ಲ. ಹೊಸ ತಳಿಯ ಉದ್ದನೆಯ ಅರ್ಜಿಯ ಬದಲು ಬೇರೆ ನಮೂನೆ. ಅದರ ಮೇಲೆ ಪಂಚಾಯಿತಿಯ ಜೀವವೈವಿಧ್ಯ ಸಮಿತಿ, ಜಿಲ್ಲಾ ಕೃಷಿ ಅಧಿಕಾರಿ, ಕೃಷಿ ವಿಶ್ವವಿದ್ಯಾಲಯದ ಸಂಶೋಧನಾ ನಿರ್ದೇಶಕರು, ಇಂಥವರಲ್ಲಿ ಒಬ್ಬರ ದೃಢೀಕರಣ ಇರಬೇಕು. ಗದ್ದೆಯ ಪರೀಕ್ಷೆ ಒಂದೇ ಹಂಗಾಮು, ಎರಡು ಜಾಗ.

ಏಕರೂಪತೆಯಲ್ಲೂ ಸಡಿಲ ಇದೆ. ಮಾಮೂಲಿಯಾಗಿ ಬಿಡುವ ಬೆರಕೆ ಗಿಡಗಳ ಎರಡರಷ್ಟನ್ನು ಇಲ್ಲಿ ಒಪ್ಪುತ್ತಾರೆ. ಇದರ ಅರ್ಥ ಒಂದು ಲೆಕ್ಕದಲ್ಲಿ ನೋಡಿ. ಒಂದು ಬೆಳೆಯ ಮಾರ್ಗಸೂಚಿ ಶೇ 1ರ ಮಟ್ಟ, ಶೇ 95ರ ಸಂಭವನೀಯತೆ ಅಂತ ಹೇಳಿದೆ ಅಂದುಕೊಳ್ಳಿ. ನೂರು ಗಿಡದಲ್ಲಿ ಬರಬಹುದಾದ್ದು ಸರಾಸರಿ ಒಂದು ಬೆರಕೆ. ಆದರೆ ಅದೃಷ್ಟ ಸರಿಯಿಲ್ಲದೆ ಒಳ್ಳೆಯ ತಳಿಯಲ್ಲೂ ಎರಡು ಮೂರು ಕಾಣಬಹುದು. ಅದಕ್ಕೆ ಸಂಖ್ಯಾಶಾಸ್ತ್ರದ ಪ್ರಕಾರ ಮೂರರ ತನಕ ಬಿಡುತ್ತಾರೆ, ನಾಲ್ಕಾದರೆ ಫೇಲು. ರೈತರ ತಳಿಗೆ ಅದು ಆರು. ನಿಮ್ಮ ಬೆಳೆಯ ನಿಜವಾದ ಅಂಕಿ ಆ ಬೆಳೆಯ ಮಾರ್ಗಸೂಚಿಯಲ್ಲಿ ಇರುತ್ತೆ, ಇದು ಲೆಕ್ಕ ಅರ್ಥವಾಗಲು ಮಾತ್ರ.

ಎರಡರಷ್ಟು ಬಿಟ್ಟರೂ ನಾಟಿ ತಳಿಗೆ ಇದು ಕಷ್ಟವೇ, ಒಪ್ಪಿಕೊಳ್ಳೋಣ. ನಾಟಿ ತಳಿಯ ಬಲವೇ ಅದರೊಳಗಿನ ವೈವಿಧ್ಯ. ಮಳೆ ಕೈಕೊಟ್ಟ ವರ್ಷ ಕೆಲವು ಗಿಡ ಉಳಿಯುವುದು, ರೋಗ ಬಂದಾಗ ಇನ್ನು ಕೆಲವು ಉಳಿಯುವುದು, ಎಲ್ಲ ಅದರಿಂದಲೇ. ನೋಂದಣಿಗಾಗಿ ಬೆರಕೆ ಕಿತ್ತು ಕಿತ್ತು ಶುದ್ಧ ಮಾಡಿದರೆ ಕಾಗದ ಸಿಗಬಹುದು, ಆದರೆ ಕೈಯಲ್ಲಿ ಉಳಿಯುವುದು ಹಳೆಯ ತಳಿಯ ಒಂದು ತುಣುಕು. ಅದಕ್ಕೇ ನಾನು ಹೇಳುವುದು, ನೋಂದಣಿಗೆ ಕಳಿಸುವ ಬೀಜ ಬೇರೆ ಮಾಡಿಕೊಳ್ಳಿ, ಮೂಲದ ಬೆರಕೆ ಬೀಜವನ್ನು ಹಾಗೆಯೇ ಬೆಳೆಯುತ್ತಾ ಇರಿ.

ಹೆಸರಿನ ಪ್ರಶ್ನೆ ಇದಕ್ಕಿಂತ ಸೂಕ್ಷ್ಮ. ಇಡೀ ಊರು ಬೆಳೆಯುವ ಭತ್ತವನ್ನು ಒಬ್ಬರೇ ತಮ್ಮ ಹೆಸರಿನಲ್ಲಿ ನೋಂದಾಯಿಸಿದರೆ ಕಾಗದದ ಮೇಲೆ ಒಡೆಯರು ಅವರೊಬ್ಬರೇ. ಕಾಯ್ದೆ ಗುಂಪಿಗೂ ಸಮುದಾಯಕ್ಕೂ ಅರ್ಜಿ ಹಾಕಲು ಬಿಡುತ್ತದೆ. ತಳಿ ಊರಿನದಾಗಿದ್ದರೆ ಅರ್ಜಿಯೂ ಊರಿನದಾಗಿರಲಿ. ಒಬ್ಬರು ನಿಜವಾಗಿ ಕೂತು ಆರಿಸಿ ಬೇರೆಯದೇ ಒಂದು ತಳಿ ತೆಗೆದಿದ್ದರೆ ಅದು ಬೇರೆ ವಿಷಯ.

ವಿದ್ಯಾರ್ಥಿ ತಳಿಗಾರರಿಗೆ ಒಂದು ತಿರುವು

ನೀವು ಕಾಲೇಜಿನಲ್ಲಿ ಕ್ರಾಸ್ ಮಾಡುತ್ತಿದ್ದರೆ ಸೆಕ್ಷನ್ 30 ನಿಮ್ಮ ಪರ ಇದೆ. ಯಾರ ನೋಂದಾಯಿತ ತಳಿಯನ್ನಾದರೂ ಸಂಶೋಧನೆಗೆ, ಇನ್ನೊಂದು ತಳಿ ಮಾಡಲು ಮೂಲವಾಗಿ ಬಳಸಬಹುದು. ಆದರೆ ಎರಡು ಕಡೆ ಒಪ್ಪಿಗೆ ಬೇಕು. ಹೈಬ್ರಿಡ್ ಬೀಜ ಮಾಡಲು ಪ್ರತಿ ಹಂಗಾಮಿನಲ್ಲೂ ಅದೇ ರಕ್ಷಿತ ಪೋಷಕ ತಳಿ ಬೇಕಾದರೆ, ಅದರ ಒಡೆಯರನ್ನು ಕೇಳಬೇಕು. ಇನ್ನೊಂದು, ನಿಮ್ಮ ತಳಿ ಬೇರೊಂದು ತಳಿಯಿಂದ ಬಹುಪಾಲು ಹುಟ್ಟಿದ್ದಾದರೆ. ರೋಗ ನಿರೋಧಕ ಗುಣ ಒಂದನ್ನು ಸೇರಿಸಲು ಬಂದ ಗಿಡವನ್ನು ಮತ್ತೆ ಮತ್ತೆ ಮೂಲ ತಳಿಯ ಜೊತೆಗೇ ಕೂಡಿಸುತ್ತಾ ಆರು ಸಲ ಬ್ಯಾಕ್‌ಕ್ರಾಸ್ ಮಾಡಿದರೆ ಸರಾಸರಿ ಶೇ 99.2ರಷ್ಟು ಅದೇ ತಳಿ ಉಳಿದಿರುತ್ತದೆ. ಗದ್ದೆಯಲ್ಲಿ ನೋಡಿದರೆ ಅದೇ ತಳಿ, ಒಂದು ಗುಣ ಮಾತ್ರ ಹೆಚ್ಚು. ಇಂಥದ್ದನ್ನು ಕಾಯ್ದೆ ಬೇರೆ ವರ್ಗದಲ್ಲಿ ಇಡುತ್ತದೆ, ಮೂಲ ತಳಿಯ ಒಡೆಯರ ಒಪ್ಪಿಗೆ ಬೇಕು. ಆ ಮೂಲ ತಳಿ ರೈತರದ್ದಾಗಿದ್ದರೆ ಸೆಕ್ಷನ್ 43 ಇನ್ನೂ ಬಿಗಿ. ಅದನ್ನು ಕಾಪಾಡಿ ಬೆಳೆಸಿದ ರೈತರ ಅಥವಾ ಸಮುದಾಯದ ಒಪ್ಪಿಗೆ ಪಡೆಯಬೇಕು. ಹಾಗಾಗಿ ಪ್ರಬಂಧದ ಕೆಲಸಕ್ಕೆ ಒಬ್ಬ ರೈತರಿಂದ ಒಂದು ಹಿಡಿ ಬೀಜ ತಂದರೂ ಯಾರಿಂದ, ಯಾವ ಊರಿಂದ, ಯಾವ ದಿನ ಅಂತ ಬರೆದಿಟ್ಟುಕೊಳ್ಳಿ. ಐದು ವರ್ಷ ಆದ ಮೇಲೆ ನೆನಪಿನಿಂದ ಬರೆಯಲು ಆಗುವುದಿಲ್ಲ.

ಒಂದು ಉದಾಹರಣೆ, ಕೊನೆಯವರೆಗೆ

ಒಬ್ಬ ರೈತರನ್ನು ಊಹಿಸಿಕೊಳ್ಳಿ. ಊರಿನಲ್ಲಿ ಎಲ್ಲರೂ ಬೆಳೆಯುವ ಎತ್ತರದ ನಾಟಿ ಭತ್ತದಲ್ಲಿ ಅವರಿಗೆ ಎಂಟು ವರ್ಷದ ಹಿಂದೆ ಒಂದು ಗಿಡ್ಡ ಗಿಡ ಸಿಕ್ಕಿತು. ಅದರ ಬೀಜ ಬೇರೆ ಇಟ್ಟರು, ಪ್ರತಿ ವರ್ಷ ಆರಿಸಿದರು. ಈಗ ಗಾಳಿಗೆ ಮಲಗದ ಒಂದು ಭತ್ತ ಅವರ ಕೈಯಲ್ಲಿದೆ. ಮೂರು ವರ್ಷದ ಹಿಂದೆ ಅಕ್ಕಪಕ್ಕದವರಿಗೆ ಬೀಜ ಮಾರಲು ಶುರು ಮಾಡಿದರು. ಈಗ ಅವರ ಮಗಳು, ಕೃಷಿ ಪದವಿ ಓದುತ್ತಿರುವವಳು, ಕೇಳುತ್ತಾಳೆ: "ಅಪ್ಪ ಮಾಡಿದ್ದು ಹೊಸ ತಳಿ ಅಲ್ವಾ?"

ಸೆಕ್ಷನ್ 39(1)(i) ಪ್ರಕಾರ ರೈತರೂ ಹೊಸ ತಳಿ ಮಾಡಿದರೆ ತಳಿಗಾರರ ಹಾಗೆಯೇ ನೋಂದಾಯಿಸಬಹುದು, ಆ ಬಾಗಿಲು ಅವರಿಗೂ ಇತ್ತು. ಆದರೆ ಮಾರಾಟಕ್ಕೆ ಮೂರು ವರ್ಷ ಆಗಿದೆ. ಹಾಗಾಗಿ ಹೊಸ ತಳಿ ಮುಗಿಯಿತು. ಮಾರಾಟವಾಗಿದ್ದು ರಸೀದಿ ಇಲ್ಲದೆ ಅಂತ ಮರೆಮಾಡುವ ಯೋಚನೆ ಮಾಡಬಾರದು, ಅರ್ಜಿ ಜಾಹೀರಾತಾದ ಮೇಲೆ ಆಕ್ಷೇಪಣೆ ಹಾಕಲು ಮೂರು ತಿಂಗಳು ಇರುತ್ತೆ, ಬೀಜ ಕೊಂಡವರೇ ಸಾಕ್ಷಿ.

ಬೀಜ ಕಾಯ್ದೆಯಲ್ಲಿ ಅಧಿಸೂಚನೆ ಆಗಿಲ್ಲ, ಹಾಗಾಗಿ ಆ ದಾರಿ ಇಲ್ಲ. ಉಳಿದಿದ್ದು ಎರಡು: ಸಾಮಾನ್ಯ ತಿಳಿವಳಿಕೆಯ ತಳಿ, ರೈತರ ತಳಿ. ನನ್ನ ಆಯ್ಕೆ ರೈತರ ತಳಿ. ಅವಧಿ ಎರಡಕ್ಕೂ ಒಂದೇ, ನೋಂದಣಿಯಿಂದ 15 ವರ್ಷ. ಬೆರಕೆಯ ಸಡಿಲ ರೈತರ ತಳಿಗೇ ಇದೆ, ಅರ್ಜಿಯೂ ಚಿಕ್ಕದು. "ಸಾಂಪ್ರದಾಯಿಕವಾಗಿ" ಅನ್ನುವ ಪದ ಇಟ್ಟುಕೊಂಡು ಎಂಟು ವರ್ಷದ ಆಯ್ಕೆಯನ್ನು ಯಾರಾದರೂ ಪ್ರಶ್ನಿಸಬಹುದು. ಆದರೆ ಊರಿನ ನಾಟಿ ಭತ್ತದಿಂದಲೇ ಹೊಲದಲ್ಲೇ ಬಂದಿದ್ದು ಎನ್ನುವುದು ದೊಡ್ಡ ಬಲ, ರೈತ ಅನ್ನುವ ಪದದ ವ್ಯಾಖ್ಯೆಯಲ್ಲೇ ಆಯ್ಕೆಯ ಮೂಲಕ ತಳಿಗೆ ಮೌಲ್ಯ ಸೇರಿಸುವವರನ್ನೂ ಹೇಳಿದೆ. ಇದೇ ರೈತರು ಬಿಡುಗಡೆಯಾದ ಎರಡು ತಳಿಗಳನ್ನು ತಾವೇ ಕ್ರಾಸ್ ಮಾಡಿ ಆರಿಸಿದ್ದರೆ ಇಷ್ಟು ಧೈರ್ಯದಿಂದ ಹೇಳುತ್ತಿರಲಿಲ್ಲ.

ಮುಂದೆ ಸಿಕ್ಕಿಬೀಳಬಹುದಾದ್ದು ಭಿನ್ನತೆಯಲ್ಲಿ. "ಇದು ಗಿಡ್ಡ" ಅಂತ ಮಾತ್ರ ಬರೆದರೆ ಸಾಲದು. ಎತ್ತರ ನೀರಿಗೆ, ಗೊಬ್ಬರಕ್ಕೆ ಬದಲಾಗುತ್ತೆ. ಎರಡು ಜಾಗದಲ್ಲಿ ಬೆಳೆದಾಗ ವ್ಯತ್ಯಾಸ ಒಂದು ಕಡೆ ಕಂಡು ಇನ್ನೊಂದು ಕಡೆ ಮಸುಕಾಗಬಹುದು. ಅದರ ಜೊತೆಗೆ ಕಣ್ಣಿಗೆ ಹೌದು ಅಲ್ಲ ಅಂತ ಹೇಳಬಹುದಾದ ಗುಣ ಒಂದೆರಡು ಹುಡುಕಬೇಕು: ಎಲೆಯ ಬುಡದ ಬಣ್ಣ, ತೆನೆಯಲ್ಲಿ ಮೀಸೆ ಇದೆಯಾ, ಹೊಟ್ಟಿನ ಬಣ್ಣ. ಮಗಳು ಈ ಹಂಗಾಮಿನಲ್ಲೇ ಊರಿನ ಭತ್ತ ಒಂದು ಸಾಲು, ಅಪ್ಪನ ಭತ್ತ ಒಂದು ಸಾಲು ಅಂತ ಪಕ್ಕ ಪಕ್ಕ ನೆಟ್ಟು, ನೂರು ಗಿಡ ಎಣಿಸಿ, ಬೆರಕೆ ಎಷ್ಟು ಅಂತ ಬರೆದುಕೊಳ್ಳಲಿ. ಹತ್ತು ಬಂದರೆ ಇನ್ನೊಂದು ವರ್ಷ ಬೆರಕೆ ಕಿತ್ತು ಆಮೇಲೆ ಕಳಿಸುವುದು ಒಳ್ಳೆಯದು. ಎರಡು ಮೂರು ಬಂದರೆ ಈಗಲೇ ಕಳಿಸಬಹುದು. ಹೆಸರನ್ನು ಊರಿನ ಭತ್ತದ ಹಳೆಯ ಹೆಸರೇ ಇಡಬಾರದು, ಅದು ಬೇರೆ ತಳಿಯ ಹೆಸರು. ಬರೀ ಅಂಕಿಯ ಹೆಸರೂ ನಡೆಯುವುದಿಲ್ಲ.

ಅರ್ಜಿದಾರರು ಯಾರು? ಆಯ್ಕೆ ಮಾಡಿದ್ದು ಅಪ್ಪ, ಹಾಗಾಗಿ ಅವರ ಹೆಸರು ಸರಿ. ಆದರೆ ಮೂಲ ಭತ್ತ ಊರಿನದು ಎಂದು ಅರ್ಜಿಯಲ್ಲಿ ಬರೆಯಲೇಬೇಕು, ಪಂಚಾಯಿತಿ ಸಮಿತಿಯ ದೃಢೀಕರಣವನ್ನೂ ಆ ಮಾತು ಹೇಳಿಯೇ ಪಡೆಯಬೇಕು. ನೋಂದಣಿ ಸಿಕ್ಕ ಮೇಲೂ ಅಕ್ಕಪಕ್ಕದವರು ಆ ಬೀಜ ಉಳಿಸಿ ಬಿತ್ತುವುದನ್ನು, ಒಬ್ಬರಿಗೊಬ್ಬರು ಕೊಡುವುದನ್ನು ಅವರು ತಡೆಯಲಾರರು. ಅದೇ ಸೆಕ್ಷನ್ 39 ಅವರ ಪಕ್ಕದ ಮನೆಯವರಿಗೂ ಇದೆ. ತಡೆಯಬಹುದಾದ್ದು, ಹೊರಗಿನವರು ಅದನ್ನು ಚೀಲಕ್ಕೆ ತುಂಬಿ ಹೆಸರು ಹಾಕಿ ಮಾರಿದರೆ. ಇದನ್ನು ಮಗಳು ಅಪ್ಪನಿಗೆ ಅರ್ಜಿಗೆ ಸಹಿ ಹಾಕುವ ಮೊದಲೇ ಹೇಳಿಬಿಡಲಿ.